ಷೇರು ಮಾರಿದ ಹಣ ಬ್ರೋಕರ್ ಬಳಿಯೇ ಉಳಿದರೆ ಏನು ಬರೆದು ಕೇಳಬೇಕು

ಮಾನ್ಯ ಸಂಪಾದಕರೇ,

ಷೇರು ಮಾರಿ ಎರಡು ವಾರ ಕಳೆದರೂ ಬ್ಯಾಂಕ್ ಖಾತೆಗೆ ಹಣ ಬಂದಿರುವುದಿಲ್ಲ. ಬ್ರೋಕರ್ ಕಚೇರಿಗೆ ಫೋನ್ ಮಾಡಿದರೆ ‘ಎಕ್ಸ್‌ಚೇಂಜ್‌ನಿಂದ ಇನ್ನೂ ಬಂದಿಲ್ಲ ಸರ್, ನೋಡಿ ಹೇಳ್ತೀವಿ’ ಎಂಬ ಉತ್ತರ ಸಿಗುತ್ತದೆ. ಜಿಲ್ಲಾ ಕೇಂದ್ರಗಳ ಸಣ್ಣ ಹೂಡಿಕೆದಾರರು, ಅದರಲ್ಲೂ ನಿವೃತ್ತರು, ಈ ಮಾತನ್ನು ನಂಬಿ ತಿಂಗಳುಗಟ್ಟಲೆ ಕಾಯುತ್ತಾರೆ. ಎರಡು ವಾರದ ನಂತರ ಈ ಉತ್ತರ ನಿಜವಾಗಿರುವುದು ತೀರಾ ಅಪರೂಪ. ಹಣ ಎಲ್ಲಿ ನಿಂತಿದೆ, ಅದನ್ನು ಬಿಡಿಸಲು ಯಾವ ಮಾತನ್ನು ಬರವಣಿಗೆಯಲ್ಲಿ ಹಾಕಬೇಕು ಎಂಬುದು ಓದುಗರಿಗೆ ತಿಳಿದಿರಲಿ ಎಂದು ಈ ಪತ್ರ.

2023ರ ಜನವರಿ 27ರಿಂದ ನಮ್ಮ ಷೇರು ಪೇಟೆಯ ಎಲ್ಲ ಷೇರುಗಳಿಗೂ ಟಿ+1 ಪದ್ಧತಿ ಜಾರಿಯಲ್ಲಿದೆ. ಸೋಮವಾರ ಮಾರಿದ ಷೇರಿನ ಹಣವನ್ನು ಎಕ್ಸ್‌ಚೇಂಜ್‌ನ ಕ್ಲಿಯರಿಂಗ್ ನಿಗಮ ಮಂಗಳವಾರವೇ ಬ್ರೋಕರ್ ಕಡೆಗೆ ಬಿಡುಗಡೆ ಮಾಡುತ್ತದೆ. ಅಲ್ಲಿಂದ ಒಂದು ಕೆಲಸದ ದಿನದೊಳಗೆ, ಅಂದರೆ ಬುಧವಾರದ ಹೊತ್ತಿಗೆ, ಅದು ಗ್ರಾಹಕರ ಬ್ಯಾಂಕ್ ಖಾತೆಗೆ ಬರಬೇಕು. ನಡುವೆ ಬ್ಯಾಂಕ್ ರಜೆ ಬಿದ್ದರೆ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಪೇಟೆ ತೆರೆದಿದ್ದು, ಮುಂಬೈನ ಬ್ಯಾಂಕುಗಳಿಗೆ ಮಾತ್ರ ರಜೆ ಇರುವ ದಿನಗಳೂ ಉಂಟು. ಒಂದೆರಡು ದಿನ ತಡವಾದರೆ ಮೊದಲು ಎಕ್ಸ್‌ಚೇಂಜ್‌ನ ರಜಾ ಪಟ್ಟಿ ನೋಡುವುದು ಒಳ್ಳೆಯದು.

ಹಾಗಾದರೆ ಹಣ ನಿಲ್ಲುವುದೇಕೆ? ಬಹುಪಾಲು ಸಂದರ್ಭಗಳಲ್ಲಿ ಇದರ ಬೇರು ಖಾತೆ ತೆರೆಯುವಾಗ ಸಹಿ ಹಾಕಿದ ಒಂದು ಹಾಳೆಯಲ್ಲಿದೆ. ಅದರ ಹೆಸರು ರನ್ನಿಂಗ್ ಅಕೌಂಟ್ ಒಪ್ಪಿಗೆ ಪತ್ರ. ‘ನನ್ನ ಹಣವನ್ನು ಪ್ರತಿ ಮಾರಾಟಕ್ಕೂ ಕಳುಹಿಸಬೇಡಿ, ನಿಮ್ಮ ಬಳಿಯೇ ಇರಲಿ, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಲೆಕ್ಕ ತೀರಿಸಿ’ ಎಂಬುದು ಅದರ ತಾತ್ಪರ್ಯ. ನಿತ್ಯ ವಹಿವಾಟು ಮಾಡುವವರಿಗೆ ಇದು ಅನುಕೂಲ. ವರ್ಷಕ್ಕೆ ಎರಡು ಸಲ ಮಾರುವವರಿಗೆ ಇದು ಬೇಕಿಲ್ಲ. ಆದರೂ ಎಷ್ಟೋ ಅರ್ಜಿಗಳಲ್ಲಿ ‘ಮೂರು ತಿಂಗಳಿಗೊಮ್ಮೆ’ ಎಂಬ ಚೌಕಕ್ಕೆ ಕಚೇರಿಯವರೇ ಗುರುತು ಹಾಕಿ, ಸಹಿಗೆ ಬೆರಳು ತೋರಿಸುತ್ತಾರೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಜುಲೈ ಮಧ್ಯದ ಒಂದು ಸೋಮವಾರ, ಒಬ್ಬ ಗ್ರಾಹಕರು 1,500 ರೂಪಾಯಿಯಂತೆ 100 ಷೇರು ಮಾರಿದರು ಎಂದುಕೊಳ್ಳಿ. ಒಟ್ಟು 1,50,000 ರೂಪಾಯಿ. ಇದರಲ್ಲಿ ಷೇರು ವಹಿವಾಟು ತೆರಿಗೆ ಶೇ 0.1ರಂತೆ 150 ರೂಪಾಯಿ, ಬ್ರೋಕರೇಜ್ ಶೇ 0.3 ಇದ್ದರೆ 450, ಅದರ ಮೇಲೆ ಶೇ 18ರ ಜಿಎಸ್‌ಟಿ 81, ಜೊತೆಗೆ ಎಕ್ಸ್‌ಚೇಂಜ್ ಶುಲ್ಕವೆಂದು ಐದಾರು ರೂಪಾಯಿ ಹೋಗುತ್ತದೆ. ಉಳಿಯುವುದು ಸುಮಾರು 1,49,300. ಒಪ್ಪಿಗೆ ಪತ್ರ ಕೊಡದವರಿಗೆ ಈ ಮೊತ್ತ ಬುಧವಾರದೊಳಗೆ ಬರಬೇಕು. ಮೂರು ತಿಂಗಳ ಆಯ್ಕೆಗೆ ಸಹಿ ಹಾಕಿದವರ ಹಣ ಅಕ್ಟೋಬರ್ ಮೊದಲ ವಾರದ ಲೆಕ್ಕ ತೀರುವಳಿಯವರೆಗೂ ಅಲ್ಲೇ ಕೂರಬಹುದು.

ನಡುವೆ ಇನ್ನೊಂದು ರಕ್ಷಣೆ ಇದೆ. 30 ದಿನ ಯಾವ ವಹಿವಾಟೂ ನಡೆಯದಿದ್ದರೆ, ಅದರ ನಂತರ ಬರುವ ತಿಂಗಳ ತೀರುವಳಿ ದಿನದೊಳಗೆ ಹಣ ಹಿಂದಿರುಗಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು ಸೆಪ್ಟೆಂಬರ್ ಮೊದಲ ವಾರ. ಆದರೆ ಆಗಸ್ಟ್ ಮೊದಲ ವಾರದಲ್ಲಿ ಡೀಲರ್ ಫೋನ್ ಮಾಡಿ ‘ಹತ್ತು ಷೇರು ತಗೊಳ್ಳಿ ಸರ್’ ಎಂದು ಒಪ್ಪಿಸಿದರೆ ದಿನಗಳ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಹಣಕ್ಕಾಗಿ ಕಾಯುತ್ತಿರುವವರು ಆ ಖಾತೆಯಲ್ಲಿ ಹೊಸದಾಗಿ ಏನನ್ನೂ ಕೊಳ್ಳಬಾರದು, ಮಾರಲೂಬಾರದು.

ಒಪ್ಪಿಗೆ ಕೊಟ್ಟ ಮಾತ್ರಕ್ಕೆ ಕೈ ಕಟ್ಟಿ ಕೂರಬೇಕಿಲ್ಲ ಎಂಬುದೇ ಮುಖ್ಯ ವಿಷಯ. ಗ್ರಾಹಕರು ಯಾವ ದಿನವಾದರೂ ತಮ್ಮ ಜಮೆ ಹಣ ಕೇಳಬಹುದು, ಒಪ್ಪಿಗೆಯನ್ನೇ ಹಿಂದಕ್ಕೆ ಪಡೆಯಬಹುದು. ಹಾಗೆ ಕೇಳಿದಾಗ ಹಣ ಬ್ರೋಕರ್ ಬಳಿ ಇದ್ದರೆ ಒಂದು ಕೆಲಸದ ದಿನದಲ್ಲಿ, ಕ್ಲಿಯರಿಂಗ್ ಸದಸ್ಯರ ಅಥವಾ ನಿಗಮದ ಬಳಿ ಇದ್ದರೆ ಮೂರು ಕೆಲಸದ ದಿನಗಳಲ್ಲಿ ಕೊಡಬೇಕೆಂದು ಷೇರು ಪೇಟೆಯ ನಿಯಂತ್ರಕ ಸೆಬಿ 2009ರಲ್ಲೇ ಹೇಳಿದೆ. 2023ರ ನಂತರ ಬ್ರೋಕರ್‌ಗಳು ಗ್ರಾಹಕರ ಹಣವನ್ನು ದಿನದ ಕೊನೆಗೆ ನಿಗಮಕ್ಕೆ ಒಪ್ಪಿಸುವ ವ್ಯವಸ್ಥೆ ಬಂದಿರುವುದರಿಂದ ‘ಹಣ ಮೇಲೆ ಹೋಗಿದೆ’ ಎನ್ನುವುದು ಸುಳ್ಳಲ್ಲ. ಆದರೆ ಅದು ಮೂರು ದಿನದ ಕಾರಣವೇ ಹೊರತು ಮೂರು ವಾರದ್ದಲ್ಲ.

ಬರೆಯುವ ಮುನ್ನ ಬ್ರೋಕರ್ ಬಳಿಯ ನಿಮ್ಮ ಖಾತೆಯ ಲೆಕ್ಕಪಟ್ಟಿ, ಅಂದರೆ ಲೆಡ್ಜರ್ ತರಿಸಿಕೊಂಡು ನೋಡಬೇಕು. ಆ್ಯಪ್‌ನಲ್ಲಿ ಕಾಣುವ ‘ವಹಿವಾಟಿಗೆ ಲಭ್ಯ’ ಎಂಬ ಮೊತ್ತ ಬೇರೆ, ‘ಹಿಂಪಡೆಯಬಹುದಾದ’ ಮೊತ್ತ ಬೇರೆ. ಎರಡನೆಯದನ್ನೇ ಹಿಡಿಯಿರಿ. ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ತೀರದ ವಹಿವಾಟು ಇದ್ದರೆ ತೀರುವಳಿ ದಿನ ಬ್ರೋಕರ್ ಅದರ ಭದ್ರತಾ ಠೇವಣಿಯಾದ ಮಾರ್ಜಿನ್‌ನ ಶೇ 225ರವರೆಗೆ ಉಳಿಸಿಕೊಳ್ಳಬಹುದು. ಮಾರ್ಜಿನ್ 40,000 ಆಗಿದ್ದರೆ 90,000 ರೂಪಾಯಿ. ಬ್ರೋಕರ್ ಸಾಲದಲ್ಲಿ ಕೊಂಡ ಷೇರನ್ನು ಮಾರಿದ್ದರೆ ಮೊದಲು ಸಾಲ ತೀರುತ್ತದೆ. ಇವು ನ್ಯಾಯವಾದ ಕಡಿತಗಳು. ಆದರೆ ಲೆಡ್ಜರ್‌ನಲ್ಲಿ ‘ಜೆವಿ’, ಅಂದರೆ ಖಾತೆಗಳ ನಡುವಿನ ಹೊಂದಾಣಿಕೆ, ಎಂದು ನಮೂದಾಗಿ, ಗಂಡನ ಖಾತೆಯ ಬಾಕಿಯನ್ನು ಹೆಂಡತಿಯ ಖಾತೆಯ ಜಮೆಯಿಂದ ಕಳೆದಿದ್ದರೆ ಅದು ನಿಯಮಕ್ಕೆ ವಿರುದ್ಧ. ರನ್ನಿಂಗ್ ಅಕೌಂಟ್ ತೀರುವಳಿಯಲ್ಲಿ ಒಬ್ಬ ಗ್ರಾಹಕರ ಹಣವನ್ನು ಇನ್ನೊಬ್ಬರ ಬಾಕಿಗೆ ಹೊಂದಿಸುವಂತಿಲ್ಲ. ಒಂದೇ ಮನೆಯ ನಾಲ್ಕು ಖಾತೆಗಳು ಒಂದೇ ಕಡೆ ಇರುವ ಊರುಗಳಲ್ಲಿ ಈ ತಪ್ಪು ಸಲೀಸಾಗಿ ನಡೆದುಹೋಗುತ್ತದೆ, ಮನೆಯವರೂ ‘ನಮ್ಮದೇ ತಾನೆ’ ಎಂದು ಸುಮ್ಮನಾಗುತ್ತಾರೆ.

ಕರ್ನಾಟಕದವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಕಾರಣವಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾದವು. ಹಳೆಯ ಷೇರು ಖಾತೆಗಳಲ್ಲಿ ಇಂದಿಗೂ ಅವುಗಳ ಐಎಫ್‌ಎಸ್‌ಸಿ ಸಂಖ್ಯೆಯೇ ಉಳಿದಿರಬಹುದು. ಸಿಂಡಿಕೇಟ್ ಬ್ಯಾಂಕಿನ SYNB ಎಂದು ಶುರುವಾಗುವ ಸಂಖ್ಯೆ 2021ರ ಜುಲೈ 1ರಿಂದ ನಡೆಯುವುದಿಲ್ಲ. ಅಂಥ ಖಾತೆಗೆ ಕಳುಹಿಸಿದ ಹಣ ತಲುಪದೆ ಹಿಂದಕ್ಕೆ ಹೋಗುತ್ತದೆ. ಲೆಡ್ಜರ್‌ನಲ್ಲಿ ಒಂದು ಪಾವತಿ ನಮೂದಾಗಿ ಒಂದೆರಡು ದಿನದಲ್ಲಿ ಅಷ್ಟೇ ಮೊತ್ತ ಮತ್ತೆ ಜಮೆಯಾಗಿದ್ದರೆ ಕಾರಣ ಇದೇ ಇರಬಹುದು. ರದ್ದು ಮಾಡಿದ ಚೆಕ್ ಜೊತೆಗೆ ಬ್ಯಾಂಕ್ ವಿವರ ಬದಲಾವಣೆಯ ಅರ್ಜಿ ಕೊಡದೆ ಇದು ಬಗೆಹರಿಯುವುದಿಲ್ಲ, ಬ್ರೋಕರ್ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಇವು ಯಾವುವೂ ಅಲ್ಲವೆಂದು ಖಚಿತವಾದ ಮೇಲೆ ಬರೆಯಿರಿ. ಊರಿನ ಪ್ರತಿನಿಧಿಗೆ ಮಾಡುವ ಫೋನು, ವಾಟ್ಸ್‌ಆ್ಯಪ್ ಸಂದೇಶಗಳನ್ನು ನೆಚ್ಚಿಕೊಳ್ಳಬೇಡಿ. ವಹಿವಾಟಿನ ವಿವರವಾಗಿ ಬ್ರೋಕರ್ ಕಳುಹಿಸುವ ಕಾಂಟ್ರಾಕ್ಟ್ ನೋಟ್‌ನಲ್ಲಿ ಬ್ರೋಕರ್ ಸಂಸ್ಥೆಯ ದೂರು ಸ್ವೀಕಾರದ ಇಮೇಲ್ ವಿಳಾಸ ಅಚ್ಚಾಗಿರುತ್ತದೆ. ಅಲ್ಲಿಗೆ, ಖಾತೆಯಲ್ಲಿ ನೋಂದಾಯಿಸಿದ ಇಮೇಲ್‌ನಿಂದಲೇ ಕಳುಹಿಸಿ. ಒಕ್ಕಣೆ ಹೀಗಿದ್ದರೆ ಸಾಕು:

‘ನನ್ನ ಗ್ರಾಹಕ ಸಂಖ್ಯೆ ಇಂಥದ್ದು. ಇಂಥ ದಿನಾಂಕದ, ಇಂಥ ಸಂಖ್ಯೆಯ ಕಾಂಟ್ರಾಕ್ಟ್ ನೋಟ್ ಪ್ರಕಾರ ನಾನು ಮಾರಿದ ಷೇರುಗಳ ನಿವ್ವಳ ಮೊತ್ತ ಇಷ್ಟು ರೂಪಾಯಿ. ಷೇರುಗಳು ಇಂಥ ದಿನ ನನ್ನ ಡಿಮ್ಯಾಟ್ ಖಾತೆಯಿಂದ ಹೊರಹೋಗಿವೆ. ಇಂದಿನ ಲೆಡ್ಜರ್‌ನಲ್ಲಿ ನನ್ನ ಜಮೆ ಇಷ್ಟಿದೆ, ನನಗೆ ತೀರದ ವಹಿವಾಟಾಗಲಿ ಬಾಕಿಯಾಗಲಿ ಇಲ್ಲ. ಪೂರ್ಣ ಜಮೆಯನ್ನು ನನ್ನ ನೋಂದಾಯಿತ ಬ್ಯಾಂಕ್ ಖಾತೆಗೆ ಒಂದು ಕೆಲಸದ ದಿನದೊಳಗೆ, ನಿಗಮದ ಬಳಿ ಇದ್ದರೆ ಮೂರು ಕೆಲಸದ ದಿನಗಳೊಳಗೆ ಕಳುಹಿಸಿ. ನನ್ನ ರನ್ನಿಂಗ್ ಅಕೌಂಟ್ ಒಪ್ಪಿಗೆಯನ್ನು ಇಂದಿನಿಂದ ಹಿಂಪಡೆದಿದ್ದೇನೆ. ಯಾವುದೇ ಮೊತ್ತ ತಡೆಹಿಡಿಯುವುದಾದರೆ ಎಷ್ಟು, ಯಾವ ನಿಯಮದಡಿ ಎಂದು ಲಿಖಿತವಾಗಿ ತಿಳಿಸಿ.’

ಕೊನೆಯ ವಾಕ್ಯವನ್ನು ಬಿಡಬೇಡಿ. ‘ಮೇಲಿನಿಂದ ಹೋಲ್ಡ್ ಆಗಿದೆ’ ಎಂದು ಬಾಯಲ್ಲಿ ಹೇಳುವವರು ನಿಯಮದ ಹೆಸರು ಬರೆದುಕೊಡುವ ಹೊತ್ತಿಗೆ ಹಿಂಜರಿಯುತ್ತಾರೆ.

ಉತ್ತರ ಬಾರದಿದ್ದರೆ ಸೆಬಿಯ scores.sebi.gov.in ತಾಣದಲ್ಲಿ ದೂರು ದಾಖಲಿಸಬೇಕು. ಘಟನೆ ನಡೆದ ಒಂದು ವರ್ಷದೊಳಗೆ ದೂರು ಹೋಗಬೇಕು, ಬ್ರೋಕರ್ 21 ದಿನಗಳಲ್ಲಿ ಉತ್ತರಿಸಬೇಕು. ಆ ಉತ್ತರ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಮರುಪರಿಶೀಲನೆ ಕೇಳದೆ ಹೋದರೆ ದೂರು ಮುಚ್ಚಿಹೋಗುತ್ತದೆ. ಬಹಳ ಜನ ಸೋಲುವುದು ಇಲ್ಲಿಯೇ. ನಂತರದ ದಾರಿ smartodr.in. ಅಲ್ಲಿ ಮೊದಲು ಸಂಧಾನ, ಆಗದಿದ್ದರೆ ಮಧ್ಯಸ್ಥಗಾರರ ತೀರ್ಪು. ಎಲ್ಲಕ್ಕೂ ಬೇಕಾದ ಸಾಕ್ಷ್ಯ ಕಾಂಟ್ರಾಕ್ಟ್ ನೋಟ್, ಲೆಡ್ಜರ್, ಡಿಮ್ಯಾಟ್ ಮತ್ತು ಬ್ಯಾಂಕ್ ಖಾತೆಗಳ ವಿವರ. ಇವುಗಳ ಜೊತೆ ಎಕ್ಸ್‌ಚೇಂಜ್‌ನಿಂದ ಬರುವ ಎಸ್‌ಎಂಎಸ್ ಕೂಡ ಇಟ್ಟುಕೊಳ್ಳಿ. ‘ನಿಮ್ಮ ಬ್ರೋಕರ್ ನಿಮ್ಮ ಹೆಸರಿನಲ್ಲಿ ಇಷ್ಟು ಹಣ ಇದೆಯೆಂದು ವರದಿ ಮಾಡಿದ್ದಾರೆ’ ಎಂದು ಅದರಲ್ಲಿ ಇರುತ್ತದೆ. ಲೆಡ್ಜರ್‌ನಲ್ಲಿ ಒಂದೂವರೆ ಲಕ್ಷ ಇದ್ದು ಆ ಸಂದೇಶದಲ್ಲಿ ಸೊನ್ನೆ ಎಂದಿದ್ದರೆ ವಿಷಯ ಬರೀ ತಡದ್ದಲ್ಲ, ಅಂದೇ ಎಕ್ಸ್‌ಚೇಂಜ್‌ಗೆ ತಿಳಿಸಬೇಕು.

‘ಹಣ ನಮ್ಮಲ್ಲೇ ಇರಲಿ, ತಿಂಗಳಿಗೆ ಒಂದು ಪರ್ಸೆಂಟ್ ಬಡ್ಡಿ ಕೊಡ್ತೀವಿ’ ಎಂಬ ಮಾತಿಗೆ ಯಾರೂ ಒಪ್ಪಬಾರದು. ಒಪ್ಪಿದ ಕ್ಷಣ ಅದು ಷೇರು ಮಾರಿದ ಹಣವಾಗಿ ಉಳಿಯದೆ ಖಾಸಗಿ ಸಾಲವಾಗುತ್ತದೆ. ನಾಳೆ ಬ್ರೋಕರ್ ದಿವಾಳಿಯಾದರೆ ಎಕ್ಸ್‌ಚೇಂಜ್‌ನ ಹೂಡಿಕೆದಾರರ ರಕ್ಷಣಾ ನಿಧಿ ಅಂಥ ಸಾಲಕ್ಕೆ ಪರಿಹಾರ ಕೊಡುವುದಿಲ್ಲ. ಹೈದರಾಬಾದಿನ ಕಾರ್ವಿ ಬ್ರೋಕರ್ ಸಂಸ್ಥೆಯ ಮೇಲೆ ಸೆಬಿ 2019ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿದ್ದು, ಮರುವರ್ಷ ಅದು ಸುಸ್ತಿದಾರ ಎಂದು ಘೋಷಿತವಾದದ್ದು ಹಳೆಯ ಮಾತೇನಲ್ಲ.

ಸೆಬಿ ಮತ್ತು ಎಕ್ಸ್‌ಚೇಂಜ್‌ಗಳಿಗೆ ನಮ್ಮ ಕೋರಿಕೆ ಎರಡೇ. ರನ್ನಿಂಗ್ ಅಕೌಂಟ್ ಒಪ್ಪಿಗೆಯ ಹಾಳೆಯನ್ನು ಕನ್ನಡದಲ್ಲಿ ಕೊಟ್ಟು, ಗ್ರಾಹಕರೇ ಕೈಯಾರೆ ಆಯ್ಕೆ ಬರೆಯುವಂತೆ ಮಾಡಬೇಕು. ಆ್ಯಪ್‌ನಲ್ಲಿ ಜಮೆ ಮೊತ್ತದ ಪಕ್ಕದಲ್ಲೇ ಅದು ಬ್ಯಾಂಕಿಗೆ ಹೋಗುವ ಮುಂದಿನ ದಿನಾಂಕವನ್ನೂ ತೋರಿಸಬೇಕು.

ಇತಿ,
ಹೂಡಿಕೆದಾರರ ಪರವಾಗಿ ಓದುಗರೊಬ್ಬರು, ದಾವಣಗೆರೆ