ಭಾನುವಾರದ ಕಥೆ ಓದು: ಸೂಚನೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಬದಿಯಡ್ಕದಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಈ ಸಲ ನಮ್ಮ ಸದಸ್ಯೆಯೊಬ್ಬರ ಸಣ್ಣಕಥೆ: ಹಿರಿಯರು ನೋಡಿ ಮಾಡಿದ ಮದುವೆ, ಮೊದಲ ವರ್ಷ, ಮೆಲ್ಲಮೆಲ್ಲನೆ ಹುಟ್ಟುವ ಒಲವು. ಪಿಡಿಎಫ್ ಮೇಲೆ ಹಾಕಿದ್ದೇನೆ, ಓದಿಕೊಂಡೇ ಬನ್ನಿ.

ಅಡಿಕೆಗೆ ಮದ್ದು ಬಿಡುವ ಭಾಗವನ್ನು ಗಮನಿಸಿ. ಮಳೆಗೆ ಮೊದಲು ಅವನು ಮೈಲುತುತ್ತು ಕರಗಿಸುತ್ತಾನೆ, ಅವಳು ಸುಣ್ಣದ ನೀರು ತರುತ್ತಾಳೆ. ಮಾತೆಲ್ಲ ಅಳತೆಯದ್ದೇ, 100 ಲೀಟರಿಗೆ ಒಂದೊಂದು ಕಿಲೋ. ಬೆರೆಸಿದ ಮೇಲೆ ಅವಳು ಕತ್ತಿಯ ಅಲಗು ಅದ್ದಿ, ಕೆಂಪು ಹಿಡಿದದ್ದನ್ನು ತೋರಿಸಿ, "ಸುಣ್ಣ ಸಾಲದು" ಎನ್ನುತ್ತಾಳೆ. ಎರಡನೇ ಮದ್ದಿನ ಹೊತ್ತಿಗೆ ಆಟಿ ತಿಂಗಳು. ಹೊಸ ಮದುಮಗಳು ಪದ್ಧತಿಯಂತೆ ತವರಿನಲ್ಲಿ. ಅವನೊಬ್ಬನೇ ಕತ್ತಿ ಅದ್ದಿ ನೋಡುತ್ತಾನೆ. ಕೆಂಪಿಲ್ಲ, ಸುಣ್ಣ ಸರಿಯಾಗಿದೆ. ಆದರೂ ಸರಿಯೇ ಎಂದು ಕೇಳಲು ಅವಳಿಗೆ ಫೋನ್ ಮಾಡುತ್ತಾನೆ!

ನನಗಂತೂ ಆ ಫೋನೇ ಕಥೆಯ ತಿರುವು. ನಂತರದ ದೀಪಾವಳಿ ಭಾಗ ತುಸು ಎಳೆದಂತಾಯಿತು. ನಿಮಗೆ ಹೇಗನಿಸಿತು, ಎರಡು ಸಾಲು ಬರೆದು ತನ್ನಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಚಹಾ ತಿಂಡಿಗೆ ಲೆಕ್ಕ ಬೇಕು. ಕಥೆ ಇನ್ನೂ ಅಚ್ಚಾಗಿಲ್ಲ, ದಯವಿಟ್ಟು ಬೇರೆ ಗುಂಪುಗಳಿಗೆ ಕಳುಹಿಸಬೇಡಿ.