ಆರು ಲಕ್ಷಕ್ಕೆ ಹ್ಞೂಂ ಅನ್ನೋ ಮುಂಚೆ

ಪುಟ್ಟಿ,

ನಿನ್ನೆ ಫೋನಲ್ಲಿ ನಿನ್ನ ದನಿ ಕೇಳಿ ಬೇಜಾರಾಯ್ತು. ಹೊಸ ಕೆಲಸಕ್ಕೆ ವರ್ಷಕ್ಕೆ ಏಳೂವರೆ ಲಕ್ಷ ಬರುತ್ತೆ ಅಂದ್ಕೊಂಡಿದ್ದೆ, ಆರು ಅಂದ್ರು, ಬಿಟ್ಟೇ ಬಿಡ್ತೀನಿ ಅಮ್ಮಾ ಅಂದೆ ನೀನು. ಇಲ್ಲಿ ಮಳೆಗೆ ಕರೆಂಟು ನೆಟ್ವರ್ಕು ಎರಡೂ ಹೋಯ್ತು, ಮಾತು ಅಲ್ಲೇ ನಿಂತೋಯ್ತು, ಅದಕ್ಕೇ ಬರೀತಿದೀನಿ.

ಬಿಡ್ಬೇಡ, ಒಪ್ಕೊಳ್ಳಲೂ ಬೇಡ. ಮೊದ್ಲು ಕೇಳು.

ಅಪ್ಪ ಅಡಿಕೆ ಮಂಡಿಗೆ ಹೋದಾಗ ಏನ್ ಮಾಡ್ತಾರೆ ನೋಡಿದೀಯಲ್ಲ, ವ್ಯಾಪಾರಿ ಒಂದು ರೇಟ್ ಹೇಳಿದ ಕೂಡ್ಲೇ ಜಗಳಕ್ಕೆ ಇಳಿಯಲ್ಲ, ಇವತ್ತು ರಾಶಿಗೆ ಕನಿಷ್ಠ ಎಷ್ಟು ಗರಿಷ್ಠ ಎಷ್ಟು ಹೋಗಿದೆ ಅಂತ ಕೇಳ್ತಾರೆ, ಆಮೇಲೆ ನಮ್ಮದನ್ನ ರಾಶಿ ಅಂತ ಹಿಡಿದ್ರೋ ಗೊರಬಲು ಅಂತ ಹಿಡಿದ್ರೋ ಅಂತ. ಗೊರಬಲು ರಾಶಿಗಿಂತ ಕೆಳಗಿನ ದರ್ಜೆ, ಹಾಗೆ ಹಿಡಿದ್ಮೇಲೆ ಅದರ ಗರಿಷ್ಠ ರೇಟೇ ಕೊಟ್ರೂ ನಮಗೆ ಲಾಸೇ. ಶಿವಮೊಗ್ಗದ ಫೌಂಡ್ರಿ ಎಚ್‌ಆರ್‌ನಲ್ಲಿ ನಾನು ಅಷ್ಟು ವರ್ಷ ಆಫರ್ ಲೆಟರ್ ಟೈಪ್ ಮಾಡಿದ್ದೂ ಇದೇ ಲೆಕ್ಕದಲ್ಲಿ. ಪ್ರತಿ ಗ್ರೇಡಿಗೂ ಒಂದು ರೇಂಜ್ ಇರ್ತಿತ್ತು, ನಾವು ಮೊದ್ಲು ಹೇಳ್ತಿದ್ದದ್ದು ಕೆಳಗಿನ ತುದಿ ಹತ್ತಿರದ ನಂಬರ್, ಬಹಳ ಜನ ರೇಂಜ್ ಏನು ಅಂತ ಕೇಳ್ತಾನೇ ಇರಲಿಲ್ಲ.

ಈಗ ನಿನ್ನ ಆರು ಲಕ್ಷ ತಗೋ. ಆ ಹುದ್ದೆ ರೇಂಜ್ 5.8ರಿಂದ 8.2 ಲಕ್ಷ ಅಂತ ಇಟ್ಕೊ, ಮಧ್ಯ 7 ಆಗುತ್ತೆ, ನಿನ್ನನ್ನ ತಳದಲ್ಲಿ ಕೂರಿಸಿದಾರೆ. ಅಂದ್ರೆ ಮೇಲೆ ಜಾಗ ಇದೆ, ಮೂರು ವರ್ಷದ ಅನುಭವ ಇರೋಳನ್ನ ತಳದಲ್ಲಿ ಯಾಕೆ ಇಟ್ರಿ ಅಂತ ಕೇಳ್ಬಹುದು, 6.8 ಅಥವಾ 7ಕ್ಕೆ ಎಳೀಬಹುದು. ಅದೇ ರೇಂಜ್ 5ರಿಂದ 6.2 ಅಂತಾದ್ರೆ? ಆಗ ನಿನಗೆ ಆಗಲೇ ತುದಿ ಹತ್ತಿರದ್ದು ಕೊಟ್ಟಿದಾರೆ, ಅಲ್ಲಿ ದುಡ್ಡಿಗೆ ಎಷ್ಟು ಗುದ್ದಾಡಿದ್ರೂ ಇಪ್ಪತ್ತು ಸಾವಿರ ಸಿಗಬಹುದು ಅಷ್ಟೇ, ಮುಂದಿನ ಇನ್ಕ್ರಿಮೆಂಟೂ ಆ ತುದಿಗೇ ತಾಗಿ ನಿಲ್ಲುತ್ತೆ. ಆಗ ಕೇಳ್ಬೇಕಾದ್ದು ದುಡ್ಡಲ್ಲ, ನನ್ನನ್ನ ಈ ಗ್ರೇಡಿಗೆ ಯಾಕೆ ಹಾಕಿದ್ರಿ, ಮುಂದಿನ ಗ್ರೇಡಿಗೆ ಏನು ಬೇಕು ಅಂತ. ಆರು ಲಕ್ಷ ಒಂದೇ, ಅರ್ಥ ಬೇರೆ ಬೇರೆ.

ಎಚ್‌ಆರ್‌ಗೆ ಹಾಕೋ ಇಮೇಲಲ್ಲಿ ಉದ್ದ ಕಥೆ ಬೇಡ. ಇಂಗ್ಲಿಷಲ್ಲೇ ಬರಿ, ಸಾರ ಇಷ್ಟಿರಲಿ: "ಆಫರ್‌ಗೆ ಥ್ಯಾಂಕ್ಸ್, ಕೆಲಸ ಇಷ್ಟ ಆಗಿದೆ. ಮೊತ್ತ ನಾನು ಅಂದ್ಕೊಂಡಿದ್ದಕ್ಕಿಂತ ಕಡಿಮೆ ಇದೆ. ಉತ್ತರ ಹೇಳೋ ಮುಂಚೆ ಈ ಗ್ರೇಡಿನ ಸಂಬಳದ ರೇಂಜ್ ಏನು, ನಾನು ಅದರಲ್ಲಿ ಎಲ್ಲಿ ಬರ್ತೀನಿ, ಮುಂದಿನ ಹಂತ ಏನು ಅಂತ ತಿಳಿಸ್ತೀರಾ?" ನಿನ್ನ ನಂಬರ್ ಈ ಮೇಲಲ್ಲಿ ಹಾಕ್ಬೇಡ. ಬಜೆಟ್ ಇಷ್ಟೇ ಅಂತ ಉತ್ತರ ಬಂದ್ರೆ, ಬಜೆಟ್ ಬೇರೆ ರೇಂಜ್ ಬೇರೆ, ಮೆತ್ತಗೆ ಇನ್ನೊಂದು ಸಲ ಕೇಳು. ಎರಡನೇ ಸಲನೂ ಹೇಳದಿದ್ರೆ ಎಳೀಬೇಡ, ಮುಂದಿನ ಪ್ರಶ್ನೆಗೆ ಹೋಗು.

ಅದು ಬೆಳವಣಿಗೆದು. ಇದನ್ನ ಎಚ್‌ಆರ್‌ಗಿಂತ ನಿನ್ನ ಮ್ಯಾನೇಜರ್ ಆಗೋರನ್ನ ಕೇಳು: ಎರಡು ಮೂರು ವರ್ಷದ ಹಿಂದೆ ಇದೇ ಹುದ್ದೆಗೆ ಸೇರಿದವರು ಈಗ ಏನಾಗಿದಾರೆ? ಒಬ್ಬರು ಹೀಗಾದ್ರು ಇನ್ನೊಬ್ಬರು ಹಾಗಾದ್ರು ಅಂತ ಹೇಳಿದ್ರೆ ದಾರಿ ಇದೆ ಅಂತ ಅರ್ಥ, ಚೆನ್ನಾಗಿ ಮಾಡಿದ್ರೆ ಎಷ್ಟು ಬೇಕಾದ್ರೂ ಬೆಳೀಬಹುದು ಅಂತ ಬರೀ ಮಾತಾದ್ರೆ ನಾನಾಗಿದ್ರೆ ನಂಬಲ್ಲ. ಜೊತೆಗೆ ಇನ್ಕ್ರಿಮೆಂಟ್ ಯಾವ ತಿಂಗಳು, ಯಾವ ತಾರೀಕಿನೊಳಗೆ ಸೇರಿದವರಿಗೆ ಸಿಗುತ್ತೆ ಅಂತ ಕೇಳಲೇಬೇಕು. ಎಷ್ಟೋ ಕಡೆ ಏಪ್ರಿಲಲ್ಲಿ ಹೆಚ್ಚು ಮಾಡ್ತಾರೆ, ಆದ್ರೆ ಸೆಪ್ಟೆಂಬರ್ ಕೊನೆಯೊಳಗೆ ಸೇರಿದವರಿಗೆ ಮಾತ್ರ. ನೀನು ಅಕ್ಟೋಬರ್ ಮಧ್ಯದಲ್ಲಿ ಸೇರ್ತೀನಿ ಅಂತಿದೀಯ, ಅಂಥ ನಿಯಮ ಅಲ್ಲಿದ್ರೆ ಬರೋ ಏಪ್ರಿಲ್ ತಪ್ಪಿ ಅದರ ಮುಂದಿನ ಏಪ್ರಿಲ್ಲು, ಹದಿನೇಳೂವರೆ ತಿಂಗಳು ಇದೇ ಸಂಬಳ!

ಆರು ತಿಂಗಳಿಗೆ ರಿವ್ಯೂ ಮಾಡ್ತೀವಿ ಅಂದ್ರೆ ಹುಷಾರು. ನನಗೆ ನನ್ನ ಮೊದಲ ಕೆಲಸದಲ್ಲಿ ಹೀಗೇ ಅಂದಿದ್ರು. ಹೇಳಿದ ಸಾಹೇಬ್ರು ನಾಲ್ಕೇ ತಿಂಗಳಿಗೆ ಬಿಟ್ಟೋದ್ರು, ಹೊಸಬರು ಲೆಟರಲ್ಲಿ ಎಲ್ಲಿದೆ ತೋರಿಸಿ ಅಂದ್ರು, ಇರಲಿಲ್ಲ. ಇವತ್ತಿಗೂ ನೆನಪಾದ್ರೆ ಹೊಟ್ಟೆ ಉರಿಯುತ್ತೆ ನಂಗೆ. ರಿವ್ಯೂ ಅಂದ್ರೆ ಕರೆದು ಮಾತಾಡೋದು ಅಷ್ಟೇ, ಸಂಬಳ ಏರಿಸೋದು ಬೇರೆ. ಯಾವ ತಿಂಗಳು, ಯಾವ ಕೆಲಸ ಮುಗಿಸಿದ್ರೆ, ಎಷ್ಟಕ್ಕೆ ಏರಿಸ್ತಾರೆ ಅನ್ನೋದು ಆಫರ್ ಲೆಟರಲ್ಲೇ ಬರ್ಲಿ, ಇಲ್ಲಾಂದ್ರೆ ಆ ಮಾತಿಗೆ ಸೊನ್ನೆ ಬೆಲೆ ಹಾಕಿ ನಿರ್ಧಾರ ಮಾಡು.

ಆರರಲ್ಲಿ ವೇರಿಯಬಲ್ ಅರವತ್ತು ಸಾವಿರ ಅಂದ್ಯಲ್ಲ, ಕಂಪನಿ ಪಾಲಿನ ಪಿಎಫ್ಫೂ ಸಾಮಾನ್ಯವಾಗಿ ಆ ಆರರೊಳಗೇ ಇರುತ್ತೆ, ರೇಂಜ್ ಹೇಳಿದಾಗ ಅದೂ ಇವೆಲ್ಲ ಸೇರಿಸಿಯೋ ಬಿಟ್ಟೋ ಅಂತ ಕೇಳ್ಕೊ, ಇಲ್ಲಾಂದ್ರೆ ಹೋಲಿಕೆ ತಪ್ಪುತ್ತೆ.

ಶುಕ್ರವಾರದೊಳಗೆ ಹೇಳ್ಬೇಕು ಅಂದಿದಾರಲ್ವಾ? ಬುಧವಾರ ಬೆಳಿಗ್ಗೆನೇ ಮೇಲ್ ಹಾಕು, ಅವರೂ ಮೇಲಿನವರನ್ನ ಕೇಳಿ ಬರೋಕೆ ಎರಡು ದಿನ ಬೇಕು. ಉತ್ತರ ಬಂದ್ಮೇಲೆ ಫೋನ್ ಮಾಡು, ನೆಟ್ವರ್ಕ್ ಇಲ್ದಿದ್ರೆ ಪಕ್ಕದ ಮನೆ ಲ್ಯಾಂಡ್‌ಲೈನಿಗೆ ಮಾಡು, ಕೂತು ಲೆಕ್ಕ ಹಾಕೋಣ.

ನಿನ್ನ ಅಮ್ಮ