ಹೋಟೆಲ್ ಭರ್ತಿ ಸರಿ, ನಾವು ದುಡ್ಡು ಕಟ್ಟಿದ ರೂಮ್ ಎಲ್ಲಿ?

ಸಂಪಾದಕರಿಗೆ,

ದಸರಾಗೆ ಮೈಸೂರಿನ ಹೋಟೆಲ್‌ಗಳೆಲ್ಲ ಭರ್ತಿ, ಪ್ರವಾಸಿಗರ ದಂಡು ಹರಿದು ಬರುತ್ತಿದೆ ಎಂದು ಮೊನ್ನೆ ನಿಮ್ಮ ಪತ್ರಿಕೆ ಸಂಭ್ರಮದಿಂದ ಬರೆದಿತ್ತು. ಭರ್ತಿ ಆಗದೆ ಏನು? ಒಂದೇ ರೂಮನ್ನು ಇಬ್ಬರಿಗೆ ಮಾರಿದರೆ ಯಾವ ಹೋಟೆಲ್ ಆದರೂ ಭರ್ತಿ ಆಗುತ್ತದೆ. ಆ ವರದಿಯಲ್ಲಿ ಮಾಲೀಕರ ಮಾತಿತ್ತು, ಅಧಿಕಾರಿಗಳ ಮಾತಿತ್ತು. ರೂಮ್ ಸಿಗದೆ ರಿಸೆಪ್ಶನ್ ಮುಂದೆ ಸೂಟ್‌ಕೇಸ್ ಮೇಲೆ ಕೂತವರ ಮಾತು ಇರಲಿಲ್ಲ. ಅದಕ್ಕೇ ಈ ಪತ್ರ.

ಹುಬ್ಬಳ್ಳಿಯಿಂದ ನಮ್ಮ ಅಕ್ಕ, ಭಾವ, ಅವರ ಮಗ ಮತ್ತು ಭಾವನ ತಾಯಿ ದಸರಾ ನೋಡಲು ಬಂದರು. ಅಜ್ಜಿಗೆ ಮಂಡಿ ನೋವು. ನಮ್ಮ ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹಾಗಾಗಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲ್‌ನಲ್ಲಿ ಎರಡು ರೂಮ್, ಮೂರು ರಾತ್ರಿಗೆ ‘ದಸರಾ ಸ್ಪೆಷಲ್ ಪ್ಯಾಕೇಜ್’ ಎಂದು ಬುಕ್ ಮಾಡಿ, ಪೂರ್ತಿ ದುಡ್ಡು ಮುಂಗಡವಾಗಿ ಕಟ್ಟಿದ್ದರು. ಹೆಸರು ಬೇಡ ಬಿಡಿ, ಒಂದೇ ಹೋಟೆಲ್‌ನ ಕಥೆ ಆಗಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ.

ಬೆಳಿಗ್ಗೆ ರೈಲಿಳಿದು ಹೋದರೆ, ಚೆಕ್ ಇನ್ ಮಧ್ಯಾಹ್ನ ಎರಡಕ್ಕೆ ಎಂದರು. ಸರಿ, ಕಾದೆವು. ಎರಡಾಯಿತು, ಮೂರಾಯಿತು. ಆಮೇಲೆ ಒಂದು ರೂಮ್ ಕೊಟ್ಟರು. ಇನ್ನೊಂದು? ‘ಸಾರ್, ಅದು ನಮ್ಮ ಇನ್ನೊಂದು ಬ್ರಾಂಚ್‌ನಲ್ಲಿ ಅರೇಂಜ್ ಆಗಿದೆ.’ ಬ್ರಾಂಚ್ ಎಂದರೆ ರಿಂಗ್ ರೋಡ್ ಆಚೆ ಇರುವ ಯಾವುದೋ ಲಾಡ್ಜ್. ಕೌಂಟರ್ ಮೇಲೆ ದಪ್ಪ ರಿಜಿಸ್ಟರ್ ತೆರೆದೇ ಇತ್ತು, ನಾನು ಬಗ್ಗಿ ನೋಡಿದೆ. ರೂಮ್ ನಂಬರ್ ಎದುರು ನಮ್ಮ ಭಾವನ ಹೆಸರು ಪೆನ್ಸಿಲ್‌ನಲ್ಲಿತ್ತು. ಅದರ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಪೆನ್ನಿನಲ್ಲಿ ‘ಗೆಸ್ಟ್, ಕಮಿಟಿ’ ಎಂದು ಬರೆದಿತ್ತು. ಯಾವ ಕಮಿಟಿ ಎಂದರೆ ಹುಡುಗ ನಕ್ಕು ರಿಜಿಸ್ಟರ್ ಮುಚ್ಚಿದ. ದುಡ್ಡು ಕಟ್ಟಿದವರಿಗೆ ಪೆನ್ಸಿಲ್, ಫೋನ್ ಮಾಡಿಸಿದವರಿಗೆ ಪೆನ್ನು.

ಈ ರೂಮ್‌ಗಳು ಹೇಗೆ ಮಾಯವಾಗುತ್ತವೆ ಎನ್ನುವುದು ಹೋಟೆಲ್ ಲೈನ್‌ನಲ್ಲಿರುವ ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ದಸರಾಗೆ ತಿಂಗಳುಗಳ ಮುಂಚೆಯೇ ಟ್ರಾವೆಲ್ ಏಜೆಂಟರಿಗೆ ಇಷ್ಟಿಷ್ಟು ರೂಮ್ ಎಂದು ‘ಬ್ಲಾಕ್’ ಕೊಟ್ಟಿರುತ್ತಾರೆ. ಉಳಿದವನ್ನು ನಾಲ್ಕಾರು ಆ್ಯಪ್‌ಗಳಲ್ಲಿ ಒಟ್ಟಿಗೆ ಹಾಕುತ್ತಾರೆ. ಒಂದು ಕಡೆ ಮಾರಿದ ಕೂಡಲೇ ಬೇರೆ ಕಡೆ ಕಡಿಮೆ ಮಾಡುವ ಸಾಫ್ಟ್‌ವೇರ್ ಇದೆ. ಇಲ್ಲದ ಕಡೆ ಮ್ಯಾನೇಜರ್ ಕೈಯಲ್ಲೇ ತಿದ್ದಬೇಕು, ಹಬ್ಬದ ಗಲಾಟೆಯಲ್ಲಿ ಅದು ಆಗುವುದಿಲ್ಲ. ಕೆಲವರು ಬೇಕೆಂದೇ ಒಂದೆರಡು ಜಾಸ್ತಿ ಮಾರುತ್ತಾರೆ, ಯಾರಾದರೂ ಕ್ಯಾನ್ಸಲ್ ಮಾಡೇ ಮಾಡುತ್ತಾರೆ ಎಂಬ ನಂಬಿಕೆ. ಜಂಬೂ ಸವಾರಿ ಹಿಂದಿನ ದಿನ ಯಾರು ಸ್ವಾಮಿ ಕ್ಯಾನ್ಸಲ್ ಮಾಡುತ್ತಾರೆ? ಇತ್ತ ಏಜೆಂಟರ ಹತ್ತಿರ ಮಾರಾಟವಾಗದ ಬ್ಲಾಕ್ ಕೊನೇ ವಾರದಲ್ಲಿ ವಾಪಸ್ ಬರುತ್ತದೆ. ಅಲ್ಲಿಯವರೆಗೆ ‘ಸೋಲ್ಡ್ ಔಟ್’ ಎನ್ನುತ್ತಿದ್ದ ಆ್ಯಪ್ ಇದ್ದಕ್ಕಿದ್ದಂತೆ ‘ಇನ್ನು ಎರಡೇ ರೂಮ್ ಬಾಕಿ’ ಎಂದು ಕೆಂಪಕ್ಷರದಲ್ಲಿ ಹೆದರಿಸುತ್ತದೆ. ಆ ಎರಡು ಎಂದರೆ ಆ ಆ್ಯಪ್‌ಗೆ ಕೊಟ್ಟಿದ್ದು ಎರಡು ಎಂದಷ್ಟೇ ಇರಬಹುದು. ಹೋಟೆಲ್‌ನಲ್ಲಿ ಇಪ್ಪತ್ತು ಖಾಲಿ ಇರಬಹುದು, ಒಂದೂ ಇಲ್ಲದಿರಬಹುದು. ಇನ್ನೊಂದು ವಿಷಯ. ಆ್ಯಪ್ ಕೊಡುವ ಬುಕಿಂಗ್ ನಂಬರ್ ಬೇರೆ, ಹೋಟೆಲ್ ತನ್ನ ಪುಸ್ತಕದಲ್ಲಿ ಹಾಕಿಕೊಳ್ಳುವ ರಿಸರ್ವೇಶನ್ ನಂಬರ್ ಬೇರೆ. ಫೋನ್ ಮಾಡಿ ಎರಡನೆಯದನ್ನು ಕೇಳಿದಾಗ ತಡವರಿಸಿದರೆ, ನಿಮ್ಮ ರೂಮ್ ಇನ್ನೂ ಗಾಳಿಯಲ್ಲಿದೆ ಎಂದೇ ಅರ್ಥ.

ಈಗ ದುಡ್ಡಿಗೆ ಬರೋಣ. ಬೇರೆ ದಿನಗಳಲ್ಲಿ ಸುಮಾರು ಮೂರು ಸಾವಿರಕ್ಕೆ ಸಿಗುವ ರೂಮಿಗೆ 6,900 ರೂಪಾಯಿ. ಹಬ್ಬ, ಬೇಡಿಕೆ ಜಾಸ್ತಿ, ಒಪ್ಪೋಣ. ಮುಂದೆ ಮುಂದೆ ಹೋದಂತೆ, ದುಡ್ಡು ಕಟ್ಟುವ ಪುಟದಲ್ಲಿ ಒಂದು ಸಾಲು ಹುಟ್ಟಿಕೊಂಡಿತು: ತಲಾ 700 ರೂಪಾಯಿಯ ‘ರಾಜಭೋಜನ’, ಕಡ್ಡಾಯ. ಬೇಡ ಎನ್ನಲು ಅಲ್ಲಿ ಜಾಗವೇ ಇಲ್ಲ. ರೂಮಿಗೆ ಇಬ್ಬರೆಂದರೆ 1,400 ಸೇರಿ 8,300. ಅದರ ಮೇಲೆ ಶೇ 18 ಜಿಎಸ್‌ಟಿ, 1,494. ರೂಮಿನ ದಿನದ ಬೆಲೆ 7,500 ದಾಟದಿದ್ದರೆ ತೆರಿಗೆ ಶೇ 5 ಮಾತ್ರ. 2025ರ ಸೆಪ್ಟೆಂಬರ್ 22ರಿಂದ, ಅಂದರೆ ಆ ವರ್ಷದ ದಸರಾ ಶುರುವಾದ ದಿನದಿಂದಲೇ, ಅದು ಶೇ 12ರಿಂದ 5ಕ್ಕೆ ಇಳಿದಿದೆ. 6,900ರ ರೂಮಿಗೆ 345, ಊಟಕ್ಕೆ ಬೇರೆ ಬಿಲ್ ಹಾಕಿ ಶೇ 5 ಎಂದರೆ 70. ಒಟ್ಟು 415ರಲ್ಲಿ ಮುಗಿಯುತ್ತಿತ್ತು. ಬೇಡದ ಊಟವನ್ನು ರೂಮಿನ ಜೊತೆ ಕಟ್ಟಿ ಗೆರೆ ದಾಟಿಸಿದ್ದಕ್ಕೆ ಒಂದು ರೂಮಿಗೆ ಒಂದು ದಿನಕ್ಕೆ 1,079 ರೂಪಾಯಿ ದಂಡ. ಎರಡು ರೂಮ್, ಮೂರು ರಾತ್ರಿಗೆ ನಮ್ಮ ಭಾವ ಕಟ್ಟಿದ್ದು 58,764. ಸರ್ಕಾರ ಇಳಿಸಿದ ತೆರಿಗೆಯನ್ನು ಸಾಂಬಾರಿನಲ್ಲಿ ಮುಳುಗಿಸಿ ವಾಪಸ್ ಎತ್ತಿಕೊಂಡರು.

ಆ ರಾಜಭೋಜನದ ವೈಭವವನ್ನೂ ಕೇಳಿ. ಊಟದ ಹೊತ್ತು ರಾತ್ರಿ ಏಳೂವರೆಯಿಂದ ಹತ್ತು. ವಿಜಯದಶಮಿ ರಾತ್ರಿ ಅದೇ ಹೊತ್ತಿಗೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು. ಅದು ಮುಗಿದು, ಜನಸಾಗರದಲ್ಲಿ ನಡೆದು, ಆಟೊ ಸಿಗದೆ ಹೋಟೆಲ್ ಸೇರುವಾಗ ಅಡುಗೆಮನೆ ದೀಪ ಆರಿರುತ್ತದೆ. ಮಧ್ಯಾಹ್ನದ ಗತಿಯೂ ಅದೇ. ಮೆರವಣಿಗೆ ನೋಡಬೇಕೆಂದರೆ ಊಟದ ಹೊತ್ತಿಗೇ ಹೋಗಿ ಜಾಗ ಹಿಡಿಯಬೇಕು, ಸಯ್ಯಾಜಿರಾವ್ ರಸ್ತೆ ಬಂದ್ ಆದ ಮೇಲೆ ಅತ್ತಿಂದಿತ್ತ ದಾಟಲು ಆಗುವುದಿಲ್ಲ. ದಸರಾ ಪ್ಯಾಕೇಜ್ ಮಾಡುವವರಿಗೆ ದಸರಾದ ದಿನ ಜನ ಎಲ್ಲಿರುತ್ತಾರೆ ಎಂದು ಗೊತ್ತಿಲ್ಲವೇ? ಗೊತ್ತಿದೆ. ಬರದವರ ಊಟ ಉಳಿದರೆ ಲಾಭ ಯಾರಿಗೆ ಎಂಬುದೂ ಗೊತ್ತಿದೆ. ಕಟ್ಟಿಕೊಡಿ ಎಂದರೆ ‘ಪಾರ್ಸೆಲ್ ಪ್ಯಾಕೇಜ್‌ನಲ್ಲಿ ಇಲ್ಲ.’ ಅಜ್ಜಿ ನವರಾತ್ರಿಯಲ್ಲಿ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಬುಕಿಂಗ್ ಪುಟದಲ್ಲಿ ಸಾತ್ವಿಕ ಊಟ ಎಂದಿತ್ತು. ಬಫೆಯಲ್ಲಿ ಈರುಳ್ಳಿ ಇಲ್ಲದ ಎರಡೇ ಪದಾರ್ಥ ಸಿಕ್ಕವು, ಮೊಸರನ್ನ ಮತ್ತು ಜಾಮೂನು. ಆಯುಧಪೂಜೆ ದಿನವಂತೂ ಒಲೆಗೆಲ್ಲ ಕುಂಕುಮ ಹಚ್ಚಿ, ತಿಂಡಿ ಹತ್ತೂವರೆಗೆ. ಪೂಜೆ ಮಾಡಲಿ, ಬೇಡ ಅನ್ನುವುದಿಲ್ಲ. ಮುಂಚೆ ಹೇಳಬಹುದಿತ್ತಲ್ವಾ? 700 ರೂಪಾಯಿಯ ಊಟ ಬಿಟ್ಟು ಮನೆಯವರೆಲ್ಲ ಆಹಾರ ಮೇಳದಲ್ಲಿ ನಿಂತುಕೊಂಡು ತಿಂದರು. ಅಲ್ಲಿ ಚೆನ್ನಾಗಿತ್ತು, ಅದೂ ನಿಜ.

‘ಅರಮನೆ ನೋಟದ ರೂಮ್’ ಬಗ್ಗೆ ಬರೆಯದಿದ್ದರೇ ವಾಸಿ. ಕಿಟಕಿಯಲ್ಲಿ ಕಂಡದ್ದು ಎರಡು ಸಿಂಟೆಕ್ಸ್ ಟ್ಯಾಂಕ್. ದೀಪ ಹಾಕಿದಾಗ ಟ್ಯಾಂಕಿನ ಬೆನ್ನು ಹೊಂಬಣ್ಣಕ್ಕೆ ತಿರುಗುತ್ತಿತ್ತು, ಅದೇ ಅರಮನೆ.

ಇಷ್ಟಾದ ಮೇಲೆ ಎರಡನೇ ರೂಮಿನ ದುಡ್ಡು ವಾಪಸ್ ಕೊಡಿ ಎಂದೆವು. ಆಗ ಹೊರಬಂತು ಕ್ಯಾನ್ಸಲೇಶನ್ ನಿಯಮ. ಆ್ಯಪ್‌ನಲ್ಲಿ ಹಸಿರಕ್ಷರದಲ್ಲಿ ‘ಫ್ರೀ ಕ್ಯಾನ್ಸಲೇಶನ್’ ಎಂದಿತ್ತು. ದುಡ್ಡು ಕಟ್ಟಿದ ಮೇಲೆ ಬಂದ ವೋಚರ್‌ನ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬೇರೆ ಕಥೆ: ಹಬ್ಬದ ದಿನಗಳಿಗೆ 21 ದಿನ ಮುಂಚೆ ರದ್ದು ಮಾಡಿದರೆ ಅರ್ಧ, 15 ದಿನದೊಳಗೆ ಏನೂ ಇಲ್ಲ. ಆ ಅರ್ಧವೂ ದುಡ್ಡಲ್ಲ, ಕ್ರೆಡಿಟ್ ನೋಟ್. ಅದು ಒಂದು ವರ್ಷ ನಡೆಯುತ್ತದೆ, ಆದರೆ ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆಯಲ್ಲಿ ನಡೆಯುವುದಿಲ್ಲ. ಜುಲೈ ಮಳೆಯಲ್ಲಿ ಬಂದು ಟ್ಯಾಂಕ್ ನೋಡಬಹುದು.

ಸರಿ, ನಾವು ರದ್ದು ಮಾಡಿದರೆ ಹೀಗೆ. ಹೋಟೆಲ್‌ನವರೇ ರೂಮ್ ಕೊಡದಿದ್ದರೆ? ವೋಚರ್ ಪೂರ್ತಿ ಓದಿದೆ. ಅದರ ಬಗ್ಗೆ ಒಂದೇ ಸಾಲು ಇದೆ: ‘ಅನಿವಾರ್ಯವಾದಲ್ಲಿ ಪರ್ಯಾಯ ವಸತಿ ಒದಗಿಸಲಾಗುವುದು.’ ಎಷ್ಟು ದೂರದಲ್ಲಿ, ಯಾವ ದರ್ಜೆಯದು, ವ್ಯತ್ಯಾಸದ ದುಡ್ಡು ಯಾರದು, ಹೋಗಿಬರುವ ಆಟೊ ಯಾರದು, ಯಾವುದೂ ಇಲ್ಲ. ನಮಗೆ ದಿನ ಎಣಿಸಿ, ಶೇಕಡಾ ಹಾಕಿ ಶಿಕ್ಷೆ, ಅವರಿಗೆ ‘ಅನಿವಾರ್ಯ’. ಇಡೀ ಪ್ಯಾಕೇಜಿನ ಕಳ್ಳತನ ಇರುವುದು ಇಲ್ಲೇ. ಆ ರಿಂಗ್ ರೋಡ್ ಲಾಡ್ಜಿನ ದರ ವಿಚಾರಿಸಿದೆ, ನಾವು ಕಟ್ಟಿದ್ದರಲ್ಲಿ ಅರ್ಧವೂ ಇಲ್ಲ. ಕೊನೆಗೆ ಅಕ್ಕ ಮತ್ತು ಅಜ್ಜಿ ಹೋಟೆಲ್‌ನಲ್ಲಿ, ಭಾವ ಮತ್ತು ಮಗ ನಮ್ಮ ಮನೆ ಹಾಲ್‌ನಲ್ಲಿ, ಗೊಂಬೆ ಕೂರಿಸಿದ್ದ ಮೆಟ್ಟಿಲಿನ ಕೆಳಗೆ ಚಾಪೆ ಹಾಸಿಕೊಂಡು ಮಲಗಿದರು.

ದೂರು ಕೊಡೋಣ ಎಂದು ದಸರಾಗೆಂದೇ ಮಾಡಿರುವ ಸಹಾಯವಾಣಿಗೆ ಫೋನ್ ಮಾಡಿದೆ. ಎತ್ತಿದವರು ಪ್ರೀತಿಯಿಂದ ಫಲಪುಷ್ಪ ಪ್ರದರ್ಶನದ ಸಮಯ ಹೇಳಿದರು. ಹೋಟೆಲ್ ವಿಷಯ ಎಂದಾಗ ‘ಅದು ನಮ್ಮದಲ್ಲ ಸಾರ್.’ ಯಾರದ್ದು? ‘ವಿಚಾರಿಸಿ ಹೇಳುತ್ತೇವೆ.’ ಇನ್ನೂ ವಿಚಾರಿಸುತ್ತಿದ್ದಾರೆ. ಇವರದು ಹೊಸದೇನಲ್ಲ. ಮೆರವಣಿಗೆ ಕೂತು ನೋಡಲು ಮಾರುವ ಗೋಲ್ಡ್ ಕಾರ್ಡ್ ಪ್ರತಿ ಸಲ ಆನ್‌ಲೈನ್‌ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಪಾಸ್‌ಗಳು ಯಾರ ಕೈಗೆ ಹೋಗುತ್ತವೆ ಎಂದು ಊರಿಗೇ ಗೊತ್ತು. ಉದ್ಘಾಟನೆಗೆ ಗಣ್ಯರು ಬೆಟ್ಟ ಹತ್ತುವ ರಸ್ತೆಯ ಗುಂಡಿ ಮಾತ್ರ ಹಿಂದಿನ ರಾತ್ರಿ ಮುಚ್ಚುತ್ತದೆ, ನಮ್ಮ ಕುವೆಂಪುನಗರದ ಗುಂಡಿ ಎಷ್ಟೋ ದಸರಾ ನೋಡಿದೆ. ಉಪಸಮಿತಿಗಳಿಗಂತೂ ಲೆಕ್ಕವಿಲ್ಲ, ಅವುಗಳ ಸಭೆಯ ಗೋಡಂಬಿಗೂ ಲೆಕ್ಕವಿಲ್ಲ. ಹೋಟೆಲ್ ದರ ಮತ್ತು ರೂಮಿನ ಲೆಕ್ಕ ನೋಡಲು ಒಂದು ಉಪಸಮಿತಿ ಮಾತ್ರ ಇಲ್ಲ. ಇದ್ದರೂ ಅದರ ಸದಸ್ಯರಿಗೂ ಪೆನ್ನಿನಲ್ಲೇ ರೂಮ್ ಬರೆಯುತ್ತಿದ್ದರೇನೋ.

ಕಾನೂನು ಇಲ್ಲ ಎನ್ನುವ ಹಾಗಿಲ್ಲ. ಕೊನೇ ಪುಟದಲ್ಲಿ ಬೆಲೆ ಏರಿಸುವುದು, ಕೇಳದ್ದನ್ನು ಬುಟ್ಟಿಗೆ ಸೇರಿಸುವುದು, ‘ಎರಡೇ ಬಾಕಿ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಇವೆಲ್ಲ ತಪ್ಪು ಎಂದು ಕೇಂದ್ರದ ಗ್ರಾಹಕರ ರಕ್ಷಣಾ ಪ್ರಾಧಿಕಾರ 2023ರಲ್ಲೇ ನಿಯಮ ಮಾಡಿದೆ. ಗ್ರಾಹಕರ ಸಹಾಯವಾಣಿ 1915 ಇದೆ. 2019ರ ಕಾಯ್ದೆ ಪ್ರಕಾರ ಗ್ರಾಹಕ ತಾನಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಇದಕ್ಕಾಗಿ ಮೈಸೂರಿಗೆ ಓಡಿಬರಬೇಕಾಗಿಲ್ಲ. ಬಿಲ್, ವೋಚರ್, ಆ ಹಸಿರಕ್ಷರದ ಸ್ಕ್ರೀನ್‌ಶಾಟ್ ಎಲ್ಲ ಭಾವ ಇಟ್ಟುಕೊಂಡಿದ್ದಾರೆ, ಧಾರವಾಡದಲ್ಲಿ ಹಾಕುತ್ತಾರಂತೆ. ಮನುಷ್ಯ ಹಠವಾದಿ, ಹಾಕಿಯೇ ಹಾಕುತ್ತಾರೆ. ಆದರೆ ನಾಡಹಬ್ಬ ನೋಡಲು ಬಂದವರು ಊರಿಗೆ ಹೋಗಿ ವಕೀಲರನ್ನು ಹುಡುಕಬೇಕಾ?

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಯಾರು ಸಂಬಂಧಪಟ್ಟವರು ಎಂಬುದನ್ನು ಮೊದಲು ಅವರೇ ತೀರ್ಮಾನ ಮಾಡಿಕೊಳ್ಳಲಿ. ಪ್ರತಿ ಹೋಟೆಲ್ ತನ್ನ ದಸರಾ ದರ, ಎಷ್ಟು ರೂಮ್ ಯಾರಿಗೆ ಕೊಟ್ಟಿದೆ, ರದ್ದಾದರೆ ಏನು ಎಂಬುದನ್ನು ಬಾಗಿಲಲ್ಲೇ ಬೋರ್ಡ್ ಹಾಕಲಿ, ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ. ಕಡ್ಡಾಯ ಊಟವನ್ನು ನಿಲ್ಲಿಸಲಿ, ಇಲ್ಲವೇ ರಾತ್ರಿ ಹನ್ನೊಂದರವರೆಗಾದರೂ ಬಡಿಸಲಿ. ಅದೂ ಆಗದಿದ್ದರೆ ಹೊರಗಿನವರು ದಸರಾಗೆ ಬರುವುದು ಬೇಡ ಎಂದು ಜಿಲ್ಲಾಡಳಿತವೇ ಪ್ರಕಟಣೆ ಕೊಟ್ಟುಬಿಡಲಿ. ಕಮಿಟಿಯವರು ಕಮಿಟಿಯವರೇ ಸೇರಿ ಆನೆ ನೋಡಿಕೊಳ್ಳಲಿ.

— ನೊಂದ ಓದುಗ, ಕುವೆಂಪುನಗರ, ಮೈಸೂರು